ಅಪ್ಪನ ಸಹಿಗೆ ಮುಂಚೆ ಎರಡು ಪ್ರಶ್ನೆ

2025ರ ಏಪ್ರಿಲ್‌ನಲ್ಲಿ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅಪ್ಪನಿಗೆ 56 ವರ್ಷ. ಮಾರ್ಚ್‌ನಲ್ಲಿ ಕಾರ್ಖಾನೆ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು, ಬಂದ ಹಣದಲ್ಲಿ 62 ಲಕ್ಷ ರೂಪಾಯಿಯನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟಿದ್ದರು. ಇನ್ನು ಮನೆ ನಡೆಯುವುದೂ ನನ್ನ ಬಿ.ಇ. ಫೀಸು ಕಟ್ಟುವುದೂ ಆ ಬಡ್ಡಿಯಲ್ಲೇ.

ಕೌಂಟರಿನವರು ಒಂದು ಫಾರಂ ಮುಂದಿಟ್ಟು, ‘ಸಾರ್, 15ಜಿ. ಇಲ್ಲೊಂದು ಸೈನ್ ಹಾಕಿ, ಟಿಡಿಎಸ್ ಕಟ್ ಆಗಲ್ಲ’ ಎಂದರು. ಅಪ್ಪ ಪೆನ್ನು ತೆಗೆದರು. ನನಗೆ ಫಾರಂ ಓದುವ ಚಾಳಿ. ‘ಅಪ್ಪ, ಮನೆಗೆ ತಗೊಂಡು ಹೋಗೋಣ’ ಎಂದೆ.

ಬಡ್ಡಿ ವರ್ಷಕ್ಕೆ 50 ಸಾವಿರ ದಾಟಿದರೆ (60 ತುಂಬಿದವರಿಗೆ ಒಂದು ಲಕ್ಷ) ಬ್ಯಾಂಕು ಶೇ 10ರಷ್ಟನ್ನು ತೆರಿಗೆಯಾಗಿ ಹಿಡಿಯುತ್ತದೆ. ತೆರಿಗೆ ಬಾರದವರು ‘ಹಿಡಿಯಬೇಡಿ’ ಎಂದು ಘೋಷಿಸಲು ಈ ಫಾರಂ. 2025-26ರಲ್ಲಿ 60ರೊಳಗಿನವರಿಗೆ 15ಜಿ, ಅದರ ಮೇಲ್ಪಟ್ಟವರಿಗೆ 15ಎಚ್ ಇತ್ತು. ವಿದೇಶದಲ್ಲಿ ನೆಲೆಸಿದ ಅನಿವಾಸಿಗಳಿಗೆ ಎರಡೂ ಇರಲಿಲ್ಲ.

15ಜಿ ಕೊಡಲು ಎರಡು ಷರತ್ತುಗಳಿದ್ದವು. ಕೌಂಟರಿನಲ್ಲಿ ಹೇಳುತ್ತಿದ್ದುದು ಮೊದಲನೆಯದನ್ನು ಮಾತ್ರ: ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಸೊನ್ನೆ ಇರಬೇಕು. ಎರಡನೆಯದು: ಎಲ್ಲ ಬ್ಯಾಂಕುಗಳಿಂದ ಬರುವ ಇಂಥ ಬಡ್ಡಿಯ ಮೊತ್ತವೇ ಮೂಲ ವಿನಾಯಿತಿ ಮಿತಿಯನ್ನು ಮೀರಬಾರದು. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ ಆ ಮಿತಿ 4 ಲಕ್ಷ.

ಅಪ್ಪನ ಬಡ್ಡಿ 4,34,000. ನಾಲ್ಕು ಲಕ್ಷದ ಮೇಲಿನ 34 ಸಾವಿರಕ್ಕೆ ಶೇ 5ರಂತೆ ತೆರಿಗೆ 1,700 ರೂಪಾಯಿ. 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದ ಅದೂ ಸೊನ್ನೆ. ಕಟ್ಟಬೇಕಾದ ತೆರಿಗೆ ಒಂದು ಪೈಸೆಯೂ ಇಲ್ಲ. ಆದರೂ ಎರಡನೇ ಷರತ್ತು ಮುರಿದಿದ್ದರಿಂದ ಅಪ್ಪ 15ಜಿ ಕೊಡುವಂತಿರಲಿಲ್ಲ. ‘12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ’ ಎಂದು ಸಹಿ ಹಾಕುವವರು ಎಡವುವುದು ಇಲ್ಲೇ. ಸುಳ್ಳು ಘೋಷಣೆಗೆ ಜೈಲು ಶಿಕ್ಷೆ ಇದೆಯೆಂದು ಫಾರಂನ ಹಿಂದಿನ ಸಣ್ಣಕ್ಷರದಲ್ಲೇ ಬರೆದಿದೆ. ಅದರ ಕೆಳಗಿನ ಸಹಿ ಬ್ಯಾಂಕಿನವರದ್ದಲ್ಲ, ಅಪ್ಪನದು.

ಇದೇ ಬಡ್ಡಿ 71ರ ನನ್ನ ಅಜ್ಜಿಗೆ ಬಂದಿದ್ದರೆ ಅವರು ಧಾರಾಳವಾಗಿ 15ಎಚ್ ಕೊಡಬಹುದಿತ್ತು. ಅದಕ್ಕೆ ಎರಡನೇ ಷರತ್ತಿರಲಿಲ್ಲ. ರಿಯಾಯಿತಿ ಕಳೆದು ತೆರಿಗೆ ಸೊನ್ನೆಯಾದರೂ ಸ್ವೀಕರಿಸಬಹುದು ಎಂದು 2019ರಲ್ಲೇ ಆ ಫಾರಂ ತಿದ್ದಿದ್ದಾರೆ. ಅಜ್ಜಿಗೆ ಕೊಟ್ಟ ಈ ಅನುಕೂಲ 56ರ ಅಪ್ಪನಿಗೆ ಯಾಕಿಲ್ಲ? 12 ಲಕ್ಷದವರೆಗೆ ತೆರಿಗೆ ಬೇಡ ಎಂದ ಸರ್ಕಾರವೇ 4 ಲಕ್ಷದ ಗೆರೆ ಹಾಕಿ, ತನಗೆ ಬರಬೇಕಿಲ್ಲದ 43,400 ರೂಪಾಯಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ಫೀಸಿನ ದುಡ್ಡು. ಈ ಗೆರೆ ಹೋಗಬೇಕೆಂಬುದು ನನ್ನ ವಾದ.

ಮರುದಿನ ಹೋದಾಗ ಕೌಂಟರಿನವರು ಇನ್ನೊಂದು ದಾರಿ ತೋರಿಸಿದರು. ‘20 ಲಕ್ಷ ಮೇಡಂ ಹೆಸರಿಗೆ ಹಾಕಿ ಸಾರ್, ಇಬ್ಬರೂ 15ಜಿ ಕೊಡಿ.’ ಕೇಳಲು ಚೆನ್ನಾಗಿದೆ. ಆದರೆ ಗಂಡ ಹೆಂಡತಿಗೆ ಸುಮ್ಮನೆ ಕೊಟ್ಟ ಹಣದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಅಮ್ಮನ ಹೆಸರಿನ 20 ಲಕ್ಷಕ್ಕೆ ಬರುವ 1,40,000 ಕಾಗದದ ಮೇಲೆ ಅಮ್ಮನದು, ತೆರಿಗೆ ಲೆಕ್ಕದಲ್ಲಿ ಅಪ್ಪನದೇ. ಫಾರಂನ ಘೋಷಣೆಯಲ್ಲೇ ‘ಈ ಆದಾಯ ಬೇರೆ ಯಾರ ಆದಾಯಕ್ಕೂ ಸೇರುವುದಿಲ್ಲ’ ಎಂಬ ಸಾಲಿದೆ. ಅಮ್ಮ ಸಹಿ ಹಾಕಿದ್ದರೆ ಆ ಸಾಲು ಸುಳ್ಳಾಗುತ್ತಿತ್ತು. ಹೈಸ್ಕೂಲಿನಲ್ಲಿರುವ ತಂಗಿಯ ಹೆಸರಲ್ಲಿಟ್ಟರೂ ಅಷ್ಟೇ. ಅಪ್ರಾಪ್ತರ ಬಡ್ಡಿ ಹೆತ್ತವರಲ್ಲಿ ಹೆಚ್ಚು ಆದಾಯ ಇರುವವರಿಗೆ ಸೇರುತ್ತದೆ.

ವಿಚಿತ್ರವೆಂದರೆ ನನ್ನ ಹೆಸರಿಗೆ ಕೊಟ್ಟರೆ ತೊಂದರೆಯಿಲ್ಲ. 18 ದಾಟಿದ ಮಗನಿಗೆ ಕೊಟ್ಟ ಹಣದ ಬಡ್ಡಿ ಮಗನದೇ. ಹತ್ತು ಲಕ್ಷ ನನಗೆ ಕೊಟ್ಟರೆ ನನಗೆ ಬರುವ ಬಡ್ಡಿ 70 ಸಾವಿರ. ಬೇರೆ ಆದಾಯವಿಲ್ಲದ ನಾನು ನನ್ನ ಪ್ಯಾನ್ ಬರೆದು 15ಜಿ ಕೊಡಬಹುದಿತ್ತು. ಅಪ್ಪನಿಗೆ ಉಳಿಯುವ 52 ಲಕ್ಷದ ಬಡ್ಡಿ 3,64,000. ಅದು ಮಿತಿಯೊಳಗೆ ಬರುವುದರಿಂದ ಅಪ್ಪನ 15ಜಿಯೂ ಸಿಂಧುವಾಗುತ್ತಿತ್ತು. ಆದರೆ ಕೊಟ್ಟಿದ್ದು ನಿಜವಾಗಿಯೂ ಕೊಟ್ಟಿರಬೇಕು, ಆಮೇಲೆ ಆ ದುಡ್ಡು ನನ್ನದು. ಇದನ್ನು ಕೇಳಿ ಅಪ್ಪ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ‘ಟಿಡಿಎಸ್ ಹೋಗ್ಲಿ ಬಿಡೋ’ ಎಂದರು!

ಫಾರಂ ಖಾಲಿಯಾಗಿಯೇ ಉಳಿಯಿತು. ಈಗ ಮೂರು ತಿಂಗಳಿಗೊಮ್ಮೆ ಬಡ್ಡಿಯಲ್ಲಿ 10,850 ಕಡಿತವಾಗುತ್ತಿದೆ. ಹಿಡಿದದ್ದು ಅಪ್ಪನ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆಯ ಜಾಲತಾಣದಲ್ಲಿ 26ಎಎಸ್ ತೆಗೆದು ನೋಡುವುದು ನನ್ನ ಕೆಲಸ. ಒಮ್ಮೆ ಹಿಡಿದದ್ದನ್ನು ಬ್ಯಾಂಕು ವಾಪಸ್ ಕೊಡುವುದಿಲ್ಲ. ವರ್ಷ ಮುಗಿದ ಮೇಲೆ ರಿಟರ್ನ್ಸ್ ಸಲ್ಲಿಸಿ ಕೇಳಬೇಕು. ಅಲ್ಲಿಯತನಕ ಫೀಸಿಗೆ ಚಿಕ್ಕಪ್ಪನ ಹತ್ತಿರ ಸಾಲ ಮಾಡಿದ್ದೇವೆ.