ಐವತ್ತಮೂರು ಹಲ್ಲುಗಳ ಸಾಕ್ಷ್ಯ

ಗ್ರೀಸ್ ದೇಶದ ಆಂಟಿಕಿಥೆರಾ ದ್ವೀಪದ ಬಳಿ, ಮುಳುಗಿದ ಹಡಗೊಂದರಲ್ಲಿ ದೊರೆತ ಕಂಚಿನ ಯಂತ್ರದ ವಿಷಯವಾಗಿ ಬರೆಯುವವರು ಎರಡು ಮಾತುಗಳನ್ನು ತಪ್ಪದೆ ಹೇಳುವುದುಂಟು. ಅದು ಪ್ರಪಂಚದ ಮೊತ್ತಮೊದಲ ಕಂಪ್ಯೂಟರ್ ಎಂಬುದು ಒಂದು ಮಾತು. ಅದು ತನ್ನ ಕಾಲಕ್ಕೆ ಸಲ್ಲದ ಅದ್ಭುತವೆಂಬುದು ಇನ್ನೊಂದು. ಈ ಎರಡು ಮಾತುಗಳೂ ಆ ಯಂತ್ರವನ್ನು ಮಾಡಿದವನಿಗೆ ಗೌರವ ತರುವಂಥವಲ್ಲವೆಂದು ನನ್ನ ಅಭಿಪ್ರಾಯ. ಒಂದು ವಸ್ತುವನ್ನು ಅದ್ಭುತವೆಂದು ಕರೆದೊಡನೆ ಅದನ್ನು ಓದುವ ಶ್ರಮ ನಮಗೆ ತಪ್ಪುತ್ತದೆ. ಈ ಯಂತ್ರವಾದರೋ ಓದಬೇಕಾದ ವಸ್ತು. ಅದರ ಚಕ್ರಗಳ ಹಲ್ಲುಗಳನ್ನು ಎಣಿಸಿದರೆ, ಮಾಡಿದವನು ಆಕಾಶದ ವಿಷಯದಲ್ಲಿ ಏನನ್ನು ತಿಳಿದಿದ್ದನೆಂಬುದು ಅಂಕಿಗಳಲ್ಲಿಯೇ ತಿಳಿದುಬರುತ್ತದೆ.

ಮೊದಲು ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ೧೯೦೦ರಲ್ಲಿ ಸಿಮಿ ದ್ವೀಪದವರಾದ, ಸ್ಪಂಜು ಹೆಕ್ಕುವ ಮುಳುಗುಗಾರರು ಈ ಹಡಗನ್ನು ಕಂಡರು. ಹಡಗು ಮುಳುಗಿದ್ದು ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ. ಮೇಲೆತ್ತಿದ ಶಿಲ್ಪಗಳ ನಡುವೆ ತುಕ್ಕು ಹಿಡಿದ ಕಂಚಿನ ಗಡ್ಡೆಯೊಂದಿತ್ತು. ೧೯೦೨ರಲ್ಲಿ ವಲೇರಿಯೊಸ್ ಸ್ಟೈಸ್ ಎಂಬವರು ಅದರಲ್ಲಿ ಹಲ್ಲುಚಕ್ರವೊಂದನ್ನು ಗುರುತಿಸಿದರು. ಈಗ ಅದು ೮೨ ತುಂಡುಗಳಾಗಿ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಉಳಿದಿರುವ ಚಕ್ರಗಳು ೩೦. ಪಕ್ಕದಲ್ಲಿದ್ದ ಹಿಡಿಯನ್ನು ತಿರುಗಿಸಿದರೆ ಮುಂಬದಿಯಲ್ಲಿ ಸೂರ್ಯಚಂದ್ರರ ಸ್ಥಾನವನ್ನೂ, ಹಿಂಬದಿಯಲ್ಲಿ ತಿಂಗಳುಗಳನ್ನೂ ಗ್ರಹಣಗಳನ್ನೂ ಮುಳ್ಳುಗಳು ತೋರಿಸುತ್ತಿದ್ದುವು.

ಪ್ರಕೃತ ನಾನು ಚಂದ್ರನೊಬ್ಬನನ್ನೇ ತೆಗೆದುಕೊಳ್ಳುತ್ತೇನೆ. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗಿನ ಚಾಂದ್ರಮಾಸವನ್ನು ನಾವೆಲ್ಲರೂ ಬಲ್ಲೆವು. ೧೯ ವರ್ಷಗಳಲ್ಲಿ ಇಂಥ ಮಾಸಗಳು ೨೩೫ ಆಗುತ್ತವೆ. ಅಷ್ಟೇ ಕಾಲದಲ್ಲಿ ಸೂರ್ಯನು ನಕ್ಷತ್ರಮಂಡಲವನ್ನು ೧೯ ಸಲ ಸುತ್ತುವುದರಿಂದ, ಚಂದ್ರನು ಅದನ್ನು ೨೩೫ ಮತ್ತು ೧೯, ಅಂದರೆ ೨೫೪ ಸಲ ಸುತ್ತಿರಬೇಕು. ಆದುದರಿಂದ ಸೂರ್ಯನ ಚಕ್ರ ಒಂದು ಸುತ್ತು ಬರುವಾಗ ಚಂದ್ರನ ಮುಳ್ಳು ೨೫೪/೧೯ ಸುತ್ತು ಬರುವಂತೆ ಮಾಡಬೇಕು. ೨೫೪ ಎಂಬುದು ೧೨೭ರ ಎರಡರಷ್ಟು. ೧೨೭ ಅವಿಭಾಜ್ಯ ಸಂಖ್ಯೆಯಾದ್ದರಿಂದ ಅದನ್ನು ಚಿಕ್ಕ ಚಕ್ರಗಳಾಗಿ ಒಡೆಯುವಂತಿಲ್ಲ; ೧೨೭ ಹಲ್ಲಿನ ಚಕ್ರವನ್ನೇ ಕೊರೆಯಬೇಕು. ಯಂತ್ರದಲ್ಲಿ ಆ ಚಕ್ರವಿದೆ. ಅದರ ಸಾಲು ಹೀಗೆ: ೬೪/೩೮ × ೪೮/೨೪ × ೧೨೭/೩೨. ಗುಣಿಸಿ ನೋಡಿದರೆ ಸರಿಯಾಗಿ ೨೫೪/೧೯ ಬರುತ್ತದೆ.

ಇಷ್ಟಾದರೆ ಮಧ್ಯಮ ಚಂದ್ರ ಸಿಕ್ಕಿದಂತಾಯಿತು. ಆದರೆ ಆಕಾಶದ ಚಂದ್ರ ಒಂದೇ ವೇಗದಲ್ಲಿ ನಡೆಯುವವನಲ್ಲ. ಭೂಮಿಗೆ ಹತ್ತಿರವಿದ್ದಾಗ ಬೇಗ, ದೂರವಿದ್ದಾಗ ನಿಧಾನ. ಅತಿ ದೂರದ ಆ ಬಿಂದುವನ್ನು ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಮಂದೋಚ್ಚವೆನ್ನುತ್ತಾರೆ. ಅದೂ ಒಂದೆಡೆ ನಿಲ್ಲದೆ ಸುಮಾರು ಒಂಬತ್ತು ವರ್ಷಗಳಿಗೊಮ್ಮೆ ಆಕಾಶವನ್ನು ಸುತ್ತಿಬರುತ್ತದೆ. ಇದನ್ನು ಕಂಚಿನಲ್ಲಿ ತೋರಿಸುವುದು ಹೇಗೆ?

ಯಂತ್ರದೊಳಗೆ ಐವತ್ತೈವತ್ತು ಹಲ್ಲುಗಳ ಸಮಾನ ಚಕ್ರಗಳಿವೆ. ಸಮಾನ ಚಕ್ರಗಳು ಒಂದನ್ನೊಂದು ತಿರುಗಿಸಿದರೆ ವೇಗ ಬದಲಾಗದು. ಮೇಲುನೋಟಕ್ಕೆ ಇದು ವ್ಯರ್ಥವಾದ ಏರ್ಪಾಡು. ಆದರೆ ಅವುಗಳಲ್ಲಿ ಎರಡು ಚಕ್ರಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೇಂದ್ರಗಳು ಒಂದೇ ಅಲ್ಲ. ನಡುವೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿನ ಅಂತರವಿದೆ. ಕೆಳಗಿನ ಚಕ್ರದ ಮೇಲೆ ನೆಟ್ಟ ಮೊಳೆಯೊಂದು ಮೇಲಿನ ಚಕ್ರದ ಸೀಳಿನೊಳಗೆ ಸೇರಿ ಅದನ್ನು ತಳ್ಳುತ್ತದೆ. ಮೊಳೆಯು ಮೇಲಿನ ಚಕ್ರದ ಕೇಂದ್ರಕ್ಕೆ ಹತ್ತಿರ ಬಂದಾಗ ಆ ಚಕ್ರ ಬೇಗ ತಿರುಗುತ್ತದೆ, ದೂರ ಸರಿದಾಗ ನಿಧಾನವಾಗುತ್ತದೆ. ಹೀಗೆ ಚಂದ್ರನ ಮುಳ್ಳು ಮಧ್ಯಮ ಸ್ಥಾನಕ್ಕಿಂತ ಸುಮಾರು ಆರು ಅಂಶಗಳಷ್ಟು ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ. ಆಕಾಶದಲ್ಲಿ ಚಂದ್ರಬಿಂಬ ಅರ್ಧ ಅಂಶವಷ್ಟೇ ಅಗಲವೆಂಬುದನ್ನು ನೆನೆದರೆ ಈ ತಿದ್ದುಪಡಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಈ ಜೋಡಿಯನ್ನು ೨೨೩ ಹಲ್ಲಿನ ದೊಡ್ಡ ಚಕ್ರದ ಮೇಲೆ ಕೂರಿಸಿದೆ. ಮಂದೋಚ್ಚ ಎಷ್ಟು ವೇಗದಲ್ಲಿ ಸುತ್ತುವುದೋ ಅಷ್ಟೇ ವೇಗದಲ್ಲಿ ಈ ಚಕ್ರವೂ ಸುತ್ತಬೇಕು. ನನ್ನ ವಾದದ ತಿರುಳು ಇರುವುದು ಇಲ್ಲಿ. ಆದುದರಿಂದ ಲೆಕ್ಕವನ್ನು ಸಾವಕಾಶವಾಗಿ ಮಾಡೋಣ.

ಗ್ರಹಣಗಳು ೨೨೩ ಚಾಂದ್ರಮಾಸಗಳಿಗೊಮ್ಮೆ, ಅಂದರೆ ಹದಿನೆಂಟು ವರ್ಷ ಕಳೆದು ಕೆಲವು ದಿನಗಳಿಗೆ, ಅದೇ ಕ್ರಮದಲ್ಲಿ ಮರಳುತ್ತವೆಂಬುದು ಪುರಾತನ ಬ್ಯಾಬಿಲೋನಿನ ಕಾಲದಿಂದ ತಿಳಿದಿದ್ದ ವಿಷಯ. ಆ ೨೨೩ ಮಾಸಗಳಲ್ಲಿ ಚಂದ್ರನು ಉಚ್ಚದಿಂದ ಉಚ್ಚಕ್ಕೆ ೨೩೯ ಸಲ ಬರುತ್ತಾನೆ. ಹಾಗಾದರೆ ೧೯ ವರ್ಷಗಳ ೨೩೫ ಮಾಸಗಳಲ್ಲಿ ಅವನು ಉಚ್ಚಕ್ಕೆ ಬರುವುದು ೨೩೫ × ೨೩೯/೨೨೩ ಸಲ. ನಕ್ಷತ್ರಗಳನ್ನು ಸುತ್ತಿದ್ದು ೨೫೪ ಸಲ. ಇವೆರಡರ ಅಂತರವೇ ಮಂದೋಚ್ಚ ಸುತ್ತಿದ ಲೆಕ್ಕ. ಕಳೆದು ನೋಡಿದರೆ ೪೭೭/೨೨೩ ಸುತ್ತು, ಎಂದರೆ ೧೯ ವರ್ಷಗಳಲ್ಲಿ ಎರಡು ಸುತ್ತಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಈ ೪೭೭ ಎಂಬುದು ೯ ಮತ್ತು ೫೩ರ ಗುಣಲಬ್ಧ. ೫೩ ಮತ್ತೆ ಅವಿಭಾಜ್ಯ ಸಂಖ್ಯೆ. ಈ ವೇಗ ಬೇಕಾದವನು ೫೩ ಹಲ್ಲಿನ ಚಕ್ರವನ್ನೋ ಅದರ ಗುಣಕವನ್ನೋ ಇಡದೆ ಗತ್ಯಂತರವಿಲ್ಲ.

ಯಂತ್ರದ ಸಾಲು ಹೀಗಿದೆ: ೬೪/೩೮ × ೫೩/೯೬ × ೨೭/೨೨೩. ಇದು ವರ್ಷಕ್ಕೆ ೪೭೭/(೧೯ × ೨೨೩) ಸುತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕುತೂಹಲದ ಸಂಗತಿಯೆಂದರೆ, ಇದೇ ಸಾಲಿನಿಂದ ಹಿಂಬದಿಯ ತಿಂಗಳ ಮುಳ್ಳಿಗೂ ಗ್ರಹಣದ ಮುಳ್ಳಿಗೂ ಚಾಲನೆ ಹೋಗಬೇಕು. ಅವುಗಳಿಗೆ ಈ ೫೩ ಬೇಕಾಗಿಲ್ಲ. ಆದುದರಿಂದ ಆ ಎರಡು ದಾರಿಗಳಲ್ಲಿಯೂ ಮತ್ತೊಂದು ೫೩ ಹಲ್ಲಿನ ಚಕ್ರವನ್ನಿಟ್ಟು, ಮೇಲಿನ ೫೩ ಕೆಳಗಿನ ೫೩ರೊಡನೆ ಹೊಡೆದುಹೋಗುವಂತೆ ಮಾಡಿದೆ. ಭಿನ್ನರಾಶಿಯ ಲೆಕ್ಕ ಮಾಡಿದ ಯಾವ ವಿದ್ಯಾರ್ಥಿಗೂ ಈ ಉಪಾಯ ಪರಿಚಿತವೇ. ಕಣ್ಣಳತೆಯಿಂದ ಚಕ್ರ ಕೊರೆಯುವ ಕಸಬುದಾರನಿಗೆ ೫೩ ಎಂಬ ಒಡ್ಡು ಸಂಖ್ಯೆ ತಾನಾಗಿ ಹೊಳೆಯುವುದಿಲ್ಲ. ಮೊದಲು ಲೆಕ್ಕ ನಡೆದಿದೆ. ಆಮೇಲೆ ಅರ ಕಂಚನ್ನು ಮುಟ್ಟಿದೆ.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದು ಹಗುರವಾದುದಲ್ಲ. ಚಕ್ರಗಳು ಮುರಿದಿವೆ, ಹಲವು ಹಲ್ಲುಗಳು ಹೋಗಿವೆ, ಸಾಲಿನ ಕೆಲವು ಚಕ್ರಗಳೇ ಇಲ್ಲ. ಉಳಿದ ತುಂಡಿನಿಂದ ಹಲ್ಲುಗಳನ್ನು ಅಂದಾಜು ಮಾಡುವಾಗ ಒಂದೆರಡು ಹೆಚ್ಚುಕಡಿಮೆ ಆಗಬಹುದು. ತಮಗೆ ಬೇಕಾದ ಸಂಖ್ಯೆಯನ್ನು ಪಂಡಿತರೇ ಆರಿಸಿಕೊಂಡಿರಬಾರದೇಕೆ? ಈ ಅಪಾಯ ಬರಿಯ ಊಹೆಯಲ್ಲ. ಡೆರೆಕ್ ಡಿ ಸೊಲ್ಲ ಪ್ರೈಸ್ ಎಂಬ ವಿದ್ವಾಂಸರು ೧೯೭೪ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಈ ದೊಡ್ಡ ಚಕ್ರ ಮತ್ತು ಅದರ ಸವಾರಿ ಚಕ್ರಗಳು ಚಂದ್ರನ ಗತಿಯಿಂದ ಸೂರ್ಯನ ಗತಿಯನ್ನು ಕಳೆಯುವ ಏರ್ಪಾಡೆಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. ಅಂದಿನ ಎಕ್ಸ್‌ರೇ ಚಿತ್ರಗಳಲ್ಲಿ ಎಲ್ಲ ಪದರಗಳೂ ಒಂದರ ಮೇಲೊಂದು ಬಿದ್ದು ಬೆರೆತಿದ್ದುವು.

ಆದರೆ ೨೦೦೫ರಲ್ಲಿ ಸುಮಾರು ಎಂಟು ಟನ್ ತೂಕದ ಎಕ್ಸ್‌ರೇ ಯಂತ್ರವನ್ನು ಇಂಗ್ಲೆಂಡಿನಿಂದ ಅಥೆನ್ಸಿಗೆ ಒಯ್ದು, ಪದರಪದರವಾಗಿ ಒಳಭಾಗದ ಚಿತ್ರ ತೆಗೆದರು. ಟೋನಿ ಫ್ರೀತ್ ಮತ್ತು ಸಂಗಡಿಗರು ೨೦೦೬ರಲ್ಲಿ ಈ ಮಂದೋಚ್ಚದ ಅರ್ಥವನ್ನು ಪ್ರಕಟಿಸಿದ್ದು ಆ ಚಿತ್ರಗಳ ಆಧಾರದ ಮೇಲೆ. ಮೊಳೆ, ಸೀಳು, ಸರಿದ ಕೇಂದ್ರ ಇವು ಲೆಕ್ಕದಿಂದ ತಂದವುಗಳಲ್ಲ, ಕಣ್ಣಿಗೆ ಕಾಣುವಂಥವು. ೨೨೩ ಎಂಬ ಸಂಖ್ಯೆ ಹಲ್ಲುಗಳಲ್ಲಿ ಮಾತ್ರವಲ್ಲದೆ ಹಿಂಬದಿಯ ಗ್ರೀಕ್ ಬರಹದಲ್ಲಿಯೂ ಇದೆ. ಗ್ರಹಣದ ಫಲಕ ನಾಲ್ಕು ಸುತ್ತಿನ ಸುರುಳಿ. ಅದರಲ್ಲಿ ೨೨೩ ಮನೆಗಳು. ಗ್ರಹಣವಾಗಬಹುದಾದ ಮನೆಗಳಲ್ಲಿ ಚಂದ್ರನಿಗೂ ಸೂರ್ಯನಿಗೂ ಬೇರೆ ಬೇರೆ ಅಕ್ಷರದ ಗುರುತುಗಳಿವೆ. ಒಂದೇ ಸಾಕ್ಷಿ ತಪ್ಪು ಹೇಳಬಹುದು; ಹಲ್ಲು, ಬರಹ, ಸುರುಳಿ ಮೂರೂ ಒಟ್ಟಾಗಿ ತಪ್ಪು ಹೇಳುವುದು ಕಷ್ಟ.

ಹಾಗೆಂದು ಯಂತ್ರ ಹೇಳದುದನ್ನು ಅದರ ಬಾಯಿಯಲ್ಲಿ ತುರುಕಬಾರದು. ಮುಂಬದಿಯಲ್ಲಿ ಐದು ಗ್ರಹಗಳನ್ನೂ ತೋರಿಸುತ್ತಿತ್ತೆನ್ನಲು ಬರಹದ ಆಧಾರವಿದೆ. ಆದರೆ ಆ ಚಕ್ರಗಳು ಬಹುಮಟ್ಟಿಗೆ ನಷ್ಟವಾಗಿವೆ. ೨೦೨೧ರಲ್ಲಿ ಲಂಡನ್ನಿನ ತಂಡ ಪ್ರಕಟಿಸಿದ ಸುಂದರ ಪುನಾರಚನೆಯನ್ನು ಸಾಧ್ಯತೆಯೆಂದು ಎಣಿಸಬೇಕೇ ಹೊರತು ಕಂಡ ಸಂಗತಿಯೆಂದಲ್ಲ. ಹಲ್ಲುಗಳು ಕೈಯಿಂದ ಅರೆದ ತ್ರಿಕೋನಗಳು. ಅಂತರದ ಸಣ್ಣ ತಪ್ಪುಗಳು ಚಕ್ರದಿಂದ ಚಕ್ರಕ್ಕೆ ಸೇರಿ ಮುಳ್ಳು ಅಲುಗಿರಬೇಕು. ಲೆಕ್ಕದ ನಯ ಕೈಗೆಲಸದ ನಯವನ್ನು ಮೀರಿತ್ತು.

ಇನ್ನು ‘ಕಾಲಕ್ಕೆ ಸಲ್ಲದ’ ಎಂಬ ಮಾತಿಗೆ ಬರೋಣ. ಪೊಸಿಡೋನಿಯಸ್ ಎಂಬ ತತ್ತ್ವಜ್ಞಾನಿ ಸೂರ್ಯ, ಚಂದ್ರ ಮತ್ತು ಐದು ಗ್ರಹಗಳ ಗತಿಯನ್ನು ತೋರಿಸುವ ಗೋಳವೊಂದನ್ನು ಮಾಡಿದ್ದನೆಂದು ರೋಮಿನ ಸಿಸೆರೊ ಅದೇ ಶತಮಾನದಲ್ಲಿ ಬರೆದಿದ್ದಾನೆ. ಅದಕ್ಕೂ ಹಿಂದೆ ಆರ್ಕಿಮಿಡೀಸನು ಇಂಥದನ್ನು ಮಾಡಿದ್ದನೆಂದೂ ಹೇಳುತ್ತಾನೆ. ಅಂದಮೇಲೆ ಇದು ಒಂಟಿಯಾದ ಯಂತ್ರವಲ್ಲ, ಉಳಿದುಬಂದ ಒಂದು ಯಂತ್ರ. ಕಂಚು ಬೆಲೆಯುಳ್ಳ ಲೋಹ. ನೆಲದ ಮೇಲಿದ್ದುದನ್ನು ಜನ ಕರಗಿಸಿ ಬೇರೆಯದಕ್ಕೆ ಬಳಸಿಕೊಳ್ಳುತ್ತಿದ್ದರು. ಸಮುದ್ರದ ತಳದಲ್ಲಿದ್ದುದು ಮಾತ್ರ ಕುಲುಮೆಯಿಂದ ತಪ್ಪಿಸಿಕೊಂಡಿತು.

ಕಂಪ್ಯೂಟರ್ ಎಂಬ ಹೆಸರೂ ನನಗೆ ಒಪ್ಪಿಗೆಯಿಲ್ಲ. ಕಂಪ್ಯೂಟರಿಗೆ ನಾವು ಕೊಟ್ಟ ಯಾವ ಲೆಕ್ಕವನ್ನಾದರೂ ಮಾಡುವ ಸಾಮರ್ಥ್ಯವಿದೆ. ಈ ಯಂತ್ರಕ್ಕೆ ಅದರೊಳಗೆ ಕೊರೆದಿಟ್ಟ ಲೆಕ್ಕವೊಂದೇ ಗೊತ್ತು. ಅದು ಕೊರತೆಯಲ್ಲ, ಆ ಕಾರಣದಿಂದಲೇ ಅದರ ಬೆಲೆ. ಚಂದ್ರನ ಗತಿ ಹೀಗೆಯೇ ಎಂದು ಒಬ್ಬನು ನಂಬಿ, ಆ ನಂಬಿಕೆಯನ್ನು ಅಳಿಸಲಾಗದಂತೆ ಲೋಹದಲ್ಲಿ ಬರೆದಿಟ್ಟ ಸಿದ್ಧಾಂತ ಅದು. ಪುಸ್ತಕವನ್ನು ಪ್ರತಿಮಾಡುವವರು ಅಂಕಿಯನ್ನು ತಪ್ಪಾಗಿ ಬರೆಯಬಹುದು, ತಮಗೆ ತೋರಿದಂತೆ ತಿದ್ದಬಹುದು. ಚಕ್ರದ ಹಲ್ಲನ್ನು ಹಾಗೆ ತಿದ್ದಲು ಬಾರದು. ಮಾಡಿದವನ ಹೆಸರು ನಮಗೆ ದೊರೆತಿಲ್ಲ. ಆದರೆ ಅವನು ಯಾವ ಸಂಖ್ಯೆಗಳನ್ನು ಸತ್ಯವೆಂದು ಎಣಿಸಿದನೆಂಬುದು ದೊರೆತಿದೆ. ಅವನನ್ನು ಅದ್ಭುತಗಳ ಪಟ್ಟಿಗೆ ಸೇರಿಸುವುದಕ್ಕಿಂತ, ಅವನು ೫೩ನ್ನು ಏಕೆ ಆರಿಸಿದನೆಂದು ಕಾಗದ ಹಿಡಿದು ಒಮ್ಮೆ ಲೆಕ್ಕಮಾಡಿ ನೋಡುವುದು ಅವನಿಗೆ ಸಲ್ಲುವ ಮರ್ಯಾದೆ.