ಏರಿಯ ಹಿಂಬದಿಯ ಒದ್ದೆ
ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಹಳೆಯ ಮಣ್ಣಿನ ಏರಿಯ ಸ್ಥಳ ಪರಿಶೀಲನಾ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಏರಿಯ ಹಿಂಬದಿಯ ಬುಡದಲ್ಲಿ ಕಂಡ ಒದ್ದೆಯ ವಿವರವನ್ನು. ‘ನೀರು ಜಿನುಗುತ್ತಿದೆ’ ಎಂದಷ್ಟೇ ಬರೆದರೆ ಸಾಲದು. ಜಿನುಗುವ ನೀರು ತಿಳಿಯೋ, ಕದಡಿದ್ದೋ? ತಿಳಿಯಾಗಿದ್ದರೆ ಅದನ್ನು ಅಳೆಯುತ್ತಾ ಕಾಯಬಹುದು. ಕದಡಿದ್ದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ, ಆಗ ತಡಮಾಡುವಂತಿಲ್ಲ. ಅಂದು ಕೆರೆಯಲ್ಲಿ ಎಷ್ಟು ನೀರಿತ್ತು ಎಂಬುದೂ ಬೇಕು, ಏಕೆಂದರೆ ಬೇಸಿಗೆಯಲ್ಲಿ ಒಣಗಿ ಕಾಣುವ ಜಾಗವೇ ಕೆರೆ ತುಂಬಿದಾಗ ಒಸರಬಹುದು. ಇನ್ನು ಫೋಟೊ. ಬರಿಯ ‘ಚಿತ್ರ 7’ ಯಾರಿಗೂ ದಾರಿ ತೋರಿಸದು. ಎಡದಂಡೆಯಿಂದ ಎಷ್ಟು ಮೀಟರ್ ದೂರ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಎಂದು ಬರೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದಿದ್ದರೆ ಮುಂದಿನ ವರ್ಷ ಬರುವವರು ಅಲ್ಲೇ ನಿಂತು ಹೋಲಿಸಬಹುದು. ದುರಸ್ತಿಯ ಶಿಫಾರಸಿನಲ್ಲಿ ನನಗೆ ಭಯ ಹುಟ್ಟಿಸುವುದು ‘ಜೇಡಿಮಣ್ಣು ಮೆತ್ತಿ ಮುಚ್ಚಿರಿ’ ಎಂಬ ಸಲಹೆ. ಹಿಂಬದಿಯಲ್ಲಿ ನೀರಿನ ದಾರಿ ಕಟ್ಟಿದರೆ ಒತ್ತಡ ಏರಿಯೊಳಗೇ ಹೆಚ್ಚುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಕಲ್ಲು ಹರಡಿದರೆ ಮಣ್ಣು ಒಳಗೇ ಉಳಿದು ನೀರಷ್ಟೇ ಹೊರಬರುತ್ತದೆ; ಅದನ್ನು ಚರಂಡಿಗೆ ಹರಿಸಿ, ಪ್ರತಿ ವಾರ ಅಳೆದು ಬರೆದಿಡಬೇಕು.