‘ಕನ್ನಡ’ ಎಂಬ ಪದದಲ್ಲಿ ಸ್ವರಗಳೆಷ್ಟು?

‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಒಂದನೇ ತರಗತಿಯ ಮಗುವನ್ನು ಕೇಳಿದರೆ ಮೂರಕ್ಷರ ಎನ್ನುತ್ತದೆ. ಪೈಥಾನ್‌ನಲ್ಲಿ ಕೇಳಿದರೆ 5. ಅದೇ ಪದವನ್ನು ಇವತ್ತಿನ ಸಾಮಾನ್ಯ ರೂಪವಾದ ಯುಟಿಎಫ್-8ರಲ್ಲಿ ಉಳಿಸಿದರೆ 15 ಬೈಟ್. ‘ಕಣ್ಣಿಗೆ ಕಾಣುವ ಅಕ್ಷರಗಳನ್ನೇ ಎಣಿಸುತ್ತೇನೆ’ ಎಂದು ಹೇಳಿಕೊಳ್ಳುವ ಹೊಸ ಬಗೆಯ ಲೈಬ್ರರಿಯನ್ನು ಕೇಳಿದರೆ 4. ಒಂದೇ ಪದಕ್ಕೆ ನಾಲ್ಕು ಉದ್ದ.

ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಇಲ್ಲಿ ಬೆಚ್ಚುತ್ತಾರೆ. ಕಾರಣ ಕೇಳಿದರೆ ‘ಕನ್ನಡ ಸಂಕೀರ್ಣ ಲಿಪಿ, ಅದು ಹಾಗೇ’ ಎಂಬ ಉತ್ತರ ಬರುತ್ತದೆ. ನನ್ನ ತಕರಾರು ಈ ಉತ್ತರದ ಮೇಲೆ. ಅದು ಏನನ್ನೂ ವಿವರಿಸುವುದಿಲ್ಲ, ತಪ್ಪನ್ನು ಲಿಪಿಯ ತಲೆಗೆ ಕಟ್ಟಿ ಎದ್ದುಹೋಗುತ್ತದೆ. ಆ ನಾಲ್ಕು ಸಂಖ್ಯೆಗಳೂ ಒಂದೊಂದು ಪ್ರಶ್ನೆಗೆ ಉತ್ತರಗಳೇ. ತಪ್ಪಿರುವುದು ಏನನ್ನು ಎಣಿಸುತ್ತಿದ್ದೇವೆ ಎಂದು ಹೇಳದೆ ‘ಉದ್ದ’ ಎಂದಷ್ಟೇ ಕೇಳುವವರಲ್ಲಿ. ಮನುಷ್ಯರು ಬರೆಯುವ ಪಠ್ಯಕ್ಕೆ ಮಿತಿ ಹಾಕಬೇಕಾದಾಗ ಎಣಿಸಬೇಕಾದದ್ದು ಸ್ವರಗಳನ್ನು ಎಂಬುದು ನನ್ನ ವಾದ.

5 ಹೇಗೆ ಬಂತು, ನೋಡಿ. ಯೂನಿಕೋಡ್‌ನಲ್ಲಿ ಪ್ರತಿ ಸಂಕೇತಕ್ಕೂ ಒಂದು ಸಂಖ್ಯೆ ಇದೆ. ಅದೇ ಕೋಡ್ ಪಾಯಿಂಟ್. ‘ಕನ್ನಡ’ದಲ್ಲಿ ಇರುವವು ಕ, ನ, ಹಲಂತ ಚಿಹ್ನೆ, ಮತ್ತೆ ನ, ಡ. ನಾವು ‘ನ’ಗೆ ನ ಒತ್ತು ಎಂದು ಓದುವುದನ್ನು ಯೂನಿಕೋಡ್ ‘ನ, ಹಲಂತ, ನ’ ಎಂದು ಮೂರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ. ಅದನ್ನು ಕೆಳಗಿಳಿಸಿ ಬರೆಯುವ ಕೆಲಸ ಫಾಂಟಿನದು. 1988ರ ಇಸ್ಕಿ ಸಂಕೇತದಿಂದ ಯೂನಿಕೋಡ್ ಪಡೆದುಕೊಂಡ ವಿನ್ಯಾಸ ಇದು.

ಈ ವಿನ್ಯಾಸದ ತಿರುಳು ಒಂದೇ ಮಾತಿನಲ್ಲಿದೆ: ‘ಕ’ ಎಂಬ ಕೋಡ್ ಪಾಯಿಂಟ್‌ನ ಹೊಟ್ಟೆಯಲ್ಲೇ ‘ಅ’ ಇದೆ. ‘ಿ’, ‘ು’ ಮೊದಲಾದ ಸೇರುವ ಚಿಹ್ನೆಗಳು ಬಂದರೆ ಆ ಅಕಾರ ಹೋಗಿ ಬೇರೆ ಸ್ವರ ಕೂರುತ್ತದೆ, ಸ್ವರದ ಎಣಿಕೆ ಬದಲಾಗುವುದಿಲ್ಲ. ಹಲಂತ ಬಂದರೆ ಅಕಾರ ಹೋಗುತ್ತದೆ, ಆ ಜಾಗಕ್ಕೆ ಏನೂ ಬರುವುದಿಲ್ಲ. ಅಂದರೆ ಹಲಂತ ಕಳೆಯುವ ಚಿಹ್ನೆ. ಅದನ್ನು ಕೂಡಿಸುವ ಲೆಕ್ಕ ಶಬ್ದದ ಮಟ್ಟಿಗೆ ತಲೆಕೆಳಗಾದ ಲೆಕ್ಕ.

ಕೋಡಿಂಗ್ ಪಾಠಗಳಲ್ಲಿ ಸಾಮಾನ್ಯವಾಗಿ ಬರುವ ಒಂದು ಅಭ್ಯಾಸವಿದೆ: ಪದದಲ್ಲಿ ಸ್ವರಗಳೆಷ್ಟು, ಎಣಿಸಿ. ಇಂಗ್ಲಿಷಿಗಾದರೆ ಐದು ಅಕ್ಷರಗಳನ್ನು ಹುಡುಕಿದರೆ ಮುಗಿಯಿತು. ಅದನ್ನೇ ಕನ್ನಡಕ್ಕೆ ತಂದವರು ಅ ಇಂದ ಔ ವರೆಗೆ ಹುಡುಕುತ್ತಾರೆ. ‘ಕನ್ನಡ’ದಲ್ಲಿ ಸಿಗುವುದು 0. ಸ್ವಲ್ಪ ತಿಳಿದವರು ಸ್ವರಚಿಹ್ನೆಗಳನ್ನೂ ಸೇರಿಸಿ ಹುಡುಕುತ್ತಾರೆ. ಆಗಲೂ 0. ನಮ್ಮ ಭಾಷೆಯ ಹೆಸರಿನಲ್ಲೇ ಒಂದೂ ಸ್ವರವಿಲ್ಲ ಎಂದು ಪ್ರೋಗ್ರಾಂ ಹೇಳುತ್ತದೆ, ಯಾವ ದೋಷಸೂಚನೆಯನ್ನೂ ಕೊಡದೆ. ಹುಡುಕಿದ್ದು ಬರಹದಲ್ಲಿ ಕಾಣುವ ಸ್ವರವನ್ನು, ಪದದಲ್ಲಿರುವುದು ಕಾಣದ ಅಕಾರ.

ಸರಿಯಾದ ಲೆಕ್ಕ ಕಷ್ಟದ್ದೇನಲ್ಲ. ಸ್ವರಾಕ್ಷರ ಬಂದರೆ ಒಂದು ಕೂಡಿಸಿ, ವ್ಯಂಜನ ಬಂದರೆ ಒಂದು ಕೂಡಿಸಿ, ಹಲಂತ ಬಂದರೆ ಒಂದು ಕಳೆಯಿರಿ, ಉಳಿದದ್ದನ್ನೆಲ್ಲ ಬಿಡಿ:

```python
def svara(s):
    n = 0
    for c in s:
        if "\u0c85" <= c <= "\u0cb9":
            n += 1
        elif c == "\u0ccd":
            n -= 1
    return n
```

‘ಕನ್ನಡ’ಕ್ಕೆ ನಾಲ್ಕು ವ್ಯಂಜನ, ಒಂದು ಹಲಂತ, ಉತ್ತರ 3. ‘ಸ್ತ್ರೀ’ಗೆ ಮೂರು ವ್ಯಂಜನ, ಎರಡು ಹಲಂತ, ಉತ್ತರ 1. ‘ಅಂಗಡಿ’ಗೆ ಒಂದು ಸ್ವರಾಕ್ಷರ, ಎರಡು ವ್ಯಂಜನ, ಉತ್ತರ 3, ಅನುಸ್ವಾರ ಲೆಕ್ಕಕ್ಕಿಲ್ಲ. ಮಗು ಹೇಳಿದ ಉತ್ತರಗಳೂ ಇವೇ. ಹಳಗನ್ನಡದ ಪಠ್ಯ ಎಣಿಸುವವರು ಮಾತ್ರ ‘ೞ’ವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು, ಅದರ ಸಂಖ್ಯೆ ಈ ಸಾಲಿನ ಹೊರಗಿದೆ.

ಇದು ನಾನು ಕಂಡುಹಿಡಿದ ಅಳತೆಯಲ್ಲ. ನಾಗವರ್ಮನ ‘ಛಂದೋಂಬುಧಿ’ಯ ಕಾಲದಿಂದ ಅಕ್ಷರವೃತ್ತಗಳನ್ನು ಎಣಿಸುವ ಕ್ರಮ ಇದೇ: ಸ್ವರವಿದ್ದಲ್ಲಿ ಒಂದು ಅಕ್ಷರ, ಒತ್ತು ಎಷ್ಟಿದ್ದರೂ ಅಷ್ಟೇ. ಮಾತ್ರೆಗಳನ್ನು ಎಣಿಸಬೇಕಾದಲ್ಲಿ ಬೇರೆ ಲೆಕ್ಕ. ಒತ್ತಕ್ಷರದ ಹಿಂದಿನ ‘ಕ’ ಗುರುವಾಗಿ ‘ಕನ್ನಡ’ಕ್ಕೆ 4 ಮಾತ್ರೆ ಬರುತ್ತದೆ. ಉದ್ದ ಒಂದೇ ಅಲ್ಲ, ಯಾವುದನ್ನು ಎಣಿಸುತ್ತೀರಿ ಎಂದು ಮೊದಲು ಹೇಳಿ ಎಂಬ ಶಿಸ್ತು ನಮ್ಮಲ್ಲಿ ಸಾವಿರ ವರ್ಷದಿಂದ ಇದೆ. ಅದನ್ನು ಬಿಟ್ಟುಕೊಟ್ಟು `len` ಹೇಳಿದ್ದೇ ಉದ್ದ ಎಂದು ಒಪ್ಪಿಕೊಂಡವರು ನಾವು.

ಒಪ್ಪಿಕೊಂಡದ್ದರ ಬೆಲೆ ಏನೆಂದು ಅನುವಾದದ ಕೆಲಸದಲ್ಲಿ ದಿನವೂ ಕಾಣುತ್ತದೆ. ಆ್ಯಪ್‌ಗಳ ಗುಂಡಿ, ಸೂಚನೆಗಳನ್ನು ಅನುವಾದಿಸಲು ಬರುವ ಹಾಳೆಗಳಲ್ಲಿ ಪ್ರತಿ ಸಾಲಿಗೂ ಒಂದು ಮಿತಿ ಬರೆದಿರುತ್ತದೆ. ಇಂಗ್ಲಿಷಿನ Submit ಆರು ಅಕ್ಷರ, ಆದ್ದರಿಂದ ಮಿತಿ 6. ‘ಸಲ್ಲಿಸಿ’ ಎಂದು ಬರೆದರೆ ಕೋಶ ಕೆಂಪಾಗುತ್ತದೆ, ಏಕೆಂದರೆ ಅದರ ಕೋಡ್ ಪಾಯಿಂಟ್‌ಗಳು 7. ಬಾಯಲ್ಲಿ ಅದು ಮೂರೇ ಅಕ್ಷರ. ಆಗ ಒಬ್ಬ ಗ್ರಾಹಕರು ಕೊಟ್ಟ ಸಲಹೆ: ‘ಕನ್ನಡ ಉದ್ದವಾಗುತ್ತದೆ, ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆಯಿರಿ.’ ‘ಸಬ್ಮಿಟ್’ ಎಂದು ಬರೆದು ಎಣಿಸಿ: ಅದೂ 7. ಕನ್ನಡ ಪದ ಉದ್ದ ಎಂಬುದು ಇಲ್ಲಿ ಅಳತೆಯಿಂದ ಬಂದ ಮಾತೇ ಅಲ್ಲ, ಅಳೆಯುವ ಮೊದಲೇ ಇದ್ದ ಅಭಿಪ್ರಾಯ.

ಆ ಅಭಿಪ್ರಾಯ ಎಷ್ಟು ಪೊಳ್ಳು ಎಂಬುದಕ್ಕೆ ನಾನು ವಾಸಿಸುವ ಬಡಾವಣೆಯ ಹೆಸರೇ ಸಾಕು. ಹೈದರಾಬಾದಿನ ಹಿಮಾಯತ್‌ನಗರವನ್ನು ಇಂಗ್ಲಿಷಿನಲ್ಲಿ ಬಿಡಿಸದೆ ಒಂದೇ ಪದವಾಗಿ ಬರೆದರೆ 12 ಅಕ್ಷರ. ಕನ್ನಡದಲ್ಲಿ 11 ಕೋಡ್ ಪಾಯಿಂಟ್: ಏಳು ವ್ಯಂಜನ, ಎರಡು ಸ್ವರಚಿಹ್ನೆ, ಒಂದು ಹಲಂತ, ಮತ್ತು ಕಣ್ಣಿಗೆ ಕಾಣದ ಇನ್ನೊಂದು. ಹಲಂತದ ನಂತರ ಕೂತಿರುವ U+200C ಎಂಬ ಈ ಹನ್ನೊಂದನೆಯದಕ್ಕೆ ಅಗಲವಿಲ್ಲ, ಉಚ್ಚಾರವಿಲ್ಲ. ತ್ ಮತ್ತು ನ ಅಂಟಿ ‘ತ್ನ’ ಆಗದಂತೆ ತಡೆಯುವುದೇ ಅದರ ಕೆಲಸ. ‘ಕಾಣದ ಚಿಹ್ನೆಗಳನ್ನು ತೆಗೆದು ಪಠ್ಯ ಶುಚಿಮಾಡಿ’ ಎಂಬ ಸಲಹೆಯನ್ನು ಯಾರಾದರೂ ಪಾಲಿಸಿದರೆ ಉದ್ದ 10ಕ್ಕೆ ಇಳಿಯುತ್ತದೆ, ಹೆಸರು ‘ಹಿಮಾಯತ್ನಗರ’ ಎಂದು ಕಾಣುತ್ತದೆ, ಅಕ್ಷರಕ್ಕಕ್ಷರ ಹೋಲಿಸುವ ಹುಡುಕಾಟದಲ್ಲಿ ಎರಡೂ ಒಂದಕ್ಕೊಂದು ಸಿಗುವುದಿಲ್ಲ. ಸ್ವರಗಳು ಮಾತ್ರ ಎರಡರಲ್ಲೂ 6.

ಸೇರುವ ಚಿಹ್ನೆಗಳದ್ದೂ ಇದೇ ಕತೆ. ‘ಬೇಕು’ ಪದದ ‘ೇ’ಯನ್ನು ಒಂದೇ ಕೋಡ್ ಪಾಯಿಂಟಾಗಿ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಎರಡೂ ಸಮ ಎಂದು ಯೂನಿಕೋಡ್ ಹೇಳುತ್ತದೆ. ಪರದೆಯ ಮೇಲೆ ವ್ಯತ್ಯಾಸವಿಲ್ಲ. ಉದ್ದ ಮಾತ್ರ ಒಮ್ಮೆ 4, ಒಮ್ಮೆ 5. ಸ್ವರ ಎಣಿಸಿದರೆ ಎರಡರಲ್ಲೂ 2.

ಇಲ್ಲಿಯವರೆಗೆ ಕಿರಿಕಿರಿ, ಇನ್ನು ಹಾನಿ. ಹೆಸರಿನ ಜಾಗಕ್ಕೆ 9 ಎಂಬ ಮಿತಿ ಇರುವ ಒಂದು ಅರ್ಜಿಯನ್ನು ಊಹಿಸಿಕೊಳ್ಳಿ. ‘ಶ್ರೀನಿವಾಸ್’ ಎಂಬ ಹೆಸರಿಗೆ 10 ಕೋಡ್ ಪಾಯಿಂಟ್ ಬೇಕು. ತಂತ್ರಾಂಶ ಕೊನೆಯದನ್ನು ಕತ್ತರಿಸುತ್ತದೆ. ಕೊನೆಯದು ಹಲಂತ. ಉಳಿಯುವುದು ‘ಶ್ರೀನಿವಾಸ’. ಮೂರು ಸ್ವರದ ಹೆಸರು ತುಂಡಾದ ಮೇಲೆ ನಾಲ್ಕು ಸ್ವರದ್ದಾಗಿದೆ. ಕತ್ತರಿಸಿದ್ದರಿಂದ ಪದ ಬೆಳೆದಿದೆ! ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಮೂರು ಬೈಟಿನ ನಡುವೆ ಕತ್ತಿ ಬಿದ್ದು ಪ್ರಶ್ನಾರ್ಥಕ ಚಿಹ್ನೆಯೋ ಚೌಕವೋ ಕಾಣುವುದುಂಟು, ತಪ್ಪಾಗಿದೆ ಎಂದಾದರೂ ತಿಳಿಯುತ್ತದೆ. ಇಲ್ಲಿ ತಿಳಿಯುವುದಿಲ್ಲ. ‘ಶ್ರೀನಿವಾಸ’ ಚೆಂದದ ಹೆಸರೇ, ಆದರೆ ಬೇರೆ ದಾಖಲೆಯಲ್ಲಿರುವ ಹೆಸರಿಗೆ ಹೊಂದುವುದಿಲ್ಲ. ಇದನ್ನು ಹಿಡಿಯಲು ಒಂದು ಪರೀಕ್ಷೆ ಸಾಕು: ಕತ್ತರಿಸಿದ ಮೇಲೆ ಪಠ್ಯದ ಸ್ವರಗಳು ಹೆಚ್ಚಿದರೆ, ಅಥವಾ ಬಿಟ್ಟ ಭಾಗ ಹಲಂತದಿಂದಲೋ ಸ್ವರಚಿಹ್ನೆಯಿಂದಲೋ ಶುರುವಾದರೆ, ಕತ್ತಿ ಬಿದ್ದದ್ದು ಅಕ್ಷರದ ಮೈಮೇಲೆ.

ಇದಕ್ಕೆ ತಿಳಿದವರು ಕೊಡುವ ಉತ್ತರ ಗ್ರಾಫೀಮ್ ಕ್ಲಸ್ಟರ್: ಬಳಕೆದಾರರಿಗೆ ಒಂದು ಎನಿಸುವ ತುಣುಕನ್ನು ಒಂದೆಂದು ಎಣಿಸುವ ಯೂನಿಕೋಡ್ ನಿಯಮ. ಹಲಂತವನ್ನು ಅದರ ವ್ಯಂಜನದಿಂದ ಅದು ಬಿಡಿಸುವುದಿಲ್ಲ, ಶ್ರೀನಿವಾಸರಿಗೆ ಅಷ್ಟು ಲಾಭ. ಆದರೆ ಎಣಿಕೆಗೆ? 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ನಿಯಮ ಬಂತು. ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಾಗಾಗಿ ಇಲ್ಲಿನ ನನ್ನ ನೆರೆಯವರು ತೆಲುಗು ಲಿಪಿಯಲ್ಲಿ ‘ಸ್ತ್ರೀ’ ಎಂದು ಬರೆದರೆ ಆ ನಿಯಮದಲ್ಲಿ 1, ನಾನು ಕನ್ನಡದಲ್ಲಿ ಬರೆದರೆ ಸ್, ತ್, ರೀ ಎಂದು 3. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು, ಒತ್ತು ಬರೆಯುವ ಕ್ರಮವೂ ಒಂದೇ. ‘ಕನ್ನಡ’ಕ್ಕೆ 4 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಇಲ್ಲಿಂದ. ಲಿಪಿಯೇ ಸಂಕೀರ್ಣ ಎನ್ನುವವರು ಈ ವ್ಯತ್ಯಾಸಕ್ಕೆ ಉತ್ತರ ಹೇಳಲಿ.

ಸ್ವರದ ಲೆಕ್ಕಕ್ಕೂ ಮಿತಿಗಳಿವೆ. ‘ಬಸ್’ ಪದಕ್ಕೆ ಅದು 1 ಎನ್ನುತ್ತದೆ, ಕಣ್ಣಿಗೆ ಕಾಣುವುದು ಎರಡು ತುಣುಕು. ಪದದ ಕೊನೆಯ ಅರ್ಧಾಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದರೆ ಅದಕ್ಕೊಂದು ಕೂಡಿಸಬೇಕು. ಗುಂಡಿಯ ಮೇಲೆ ಪದ ಹಿಡಿಯುತ್ತದೆಯೇ ಎಂಬುದಕ್ಕೆ ಸ್ವರದಲ್ಲಿ ಉತ್ತರವಿಲ್ಲ. ಅದು ಅಗಲದ ಪ್ರಶ್ನೆ, ಫಾಂಟಿನಲ್ಲಿ ಬರೆದು ಪಿಕ್ಸೆಲ್‌ಗಳಲ್ಲೇ ಅಳೆಯಬೇಕು, ಕೆಳಗಿಳಿಯುವ ಒತ್ತಿಗೆ ಎತ್ತರವನ್ನೂ ನೋಡಬೇಕು. ಎಸ್ಸೆಮ್ಮೆಸ್ಸಿನ ಮಿತಿಯೂ ಬೇರೆ: ಇಂಗ್ಲಿಷಿಗೆ 160 ಹಿಡಿಯುವ ಒಂದು ಸಂದೇಶದಲ್ಲಿ ಯೂನಿಕೋಡ್ ಕನ್ನಡಕ್ಕೆ 70 ಕೋಡ್ ಪಾಯಿಂಟ್ ಮಾತ್ರ, ಪ್ರತಿ ಹಲಂತಕ್ಕೂ ಒಂದೊಂದು ಖರ್ಚು. ಅಲ್ಲಿ ಕೋಡ್ ಪಾಯಿಂಟನ್ನೇ ಎಣಿಸಬೇಕು, ಏಕೆಂದರೆ ಅಲ್ಲಿ ಕೊರತೆ ಇರುವುದು ನಿಜವಾಗಿಯೂ ಜಾಗಕ್ಕೆ.

ಹಾಗಾದರೆ ಕೇಳಬೇಕಾದದ್ದು ಇಷ್ಟು. ಮಿತಿ ಹಾಕುವವರು ಸಂಖ್ಯೆಯ ಪಕ್ಕದಲ್ಲಿ ಮಾನವನ್ನೂ ಬರೆಯಲಿ: 6 ಬೈಟೋ, 6 ಕೋಡ್ ಪಾಯಿಂಟೋ, 6 ಅಕ್ಷರವೋ. ಮಿತಿ ಇರುವುದು ಸಂಗ್ರಹಕ್ಕಾಗಿ ಎಂದಾದರೆ ಜಾಗವನ್ನು ಹಿಗ್ಗಿಸಲಿ, ಅದು ಅಗ್ಗ. ಓದುವವರಿಗಾಗಿ ಎಂದಾದರೆ ಸ್ವರಗಳನ್ನು ಎಣಿಸಲಿ. ಕಲಿಸುವವರು ಮೊದಲ ಪಾಠದಲ್ಲೇ ‘ಕನ್ನಡ’ ಪದ ಕೊಟ್ಟು 15, 5, 4, 3 ಈ ನಾಲ್ಕನ್ನೂ ತೆಗೆಸಲಿ, ಯಾವುದು ಯಾವುದರ ಎಣಿಕೆ ಎಂದು ಕೇಳಲಿ. ಅನುವಾದಕರು ಕೆಂಪಾದ ಕೋಶಕ್ಕೆ ಹೆದರಿ ಒಳ್ಳೆಯ ಪದವನ್ನು ಮೊಟಕು ಮಾಡುವ ಮೊದಲು ಮೂರೇ ಅಕ್ಷರದ ‘ಸಲ್ಲಿಸಿ’ಯನ್ನು ತೋರಿಸಿ, ಇದು ಯಾವ ಲೆಕ್ಕದಲ್ಲಿ ಏಳು ಎಂದು ಬರಹದಲ್ಲಿ ಕೇಳಲಿ.